ಬೆಳಗಿನ ಪ್ರಾಕ್ಟೀಸಿಗೆ ರಾತ್ರಿ ಊಟವೇ ಬಂಡವಾಳ

ಪ್ರಶ್ನೆ: ಮೇಡಂ, ನನಗೆ 34 ವರ್ಷ, ತೂಕ 68 ಕೆಜಿ. ಮನೆ ಗೋಣಿಕೊಪ್ಪದ ಹತ್ತಿರ. ಏಪ್ರಿಲ್‌ನ ಕೊಡವ ಕುಟುಂಬಗಳ ಹಾಕಿ ಟೂರ್ನಿಗೆ ಅಂತ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ 6ರಿಂದ 7.30ರವರೆಗೆ ಪ್ರಾಕ್ಟೀಸ್ ಮಾಡ್ತೇವೆ. ಇನ್ನೆರಡು ದಿನ ತೋಟದ ರಸ್ತೆಯಲ್ಲಿ ನಿಧಾನವಾಗಿ ಓಡ್ತೇನೆ. ಎಲ್ಲಾ ಖಾಲಿ ಹೊಟ್ಟೆಯಲ್ಲೇ, ಒಂದು ಲೋಟ ಕರಿ ಕಾಫಿ ಬಿಟ್ಟರೆ. ಅದಕ್ಕೂ ಬೆಲ್ಲ ಹಾಕಲ್ಲ. ಹೊಟ್ಟೆ ಕರಗಲಿ ಅಂತ ಎರಡು ತಿಂಗಳಿಂದ ರಾತ್ರಿ ಅನ್ನ, ಅಕ್ಕಿ ಒಟ್ಟಿ ಬಿಟ್ಟಿದ್ದೇನೆ. ಎಂಟು ಗಂಟೆಗೆ ಪಲ್ಯ, ಮೊಟ್ಟೆ, ಇಲ್ಲಾಂದ್ರೆ ಪಂದಿ ಕರಿ, ಅಷ್ಟೇ. ಪ್ರಾಕ್ಟೀಸಿನ ಕೊನೆ ಅರ್ಧ ಗಂಟೆ ಕಾಲು ಭಾರ ಆಗುತ್ತೆ, ಕೆಲವು ದಿನ ತಲೆ ಸುತ್ತುತ್ತೆ. ತಿಂಡಿ ಆಫೀಸಿನಲ್ಲಿ 9.30ಕ್ಕೆ, ಮೂರು ಇಡ್ಲಿ. ಖಾಲಿ ಹೊಟ್ಟೆಯಲ್ಲಿ ಆಡಿದರೇನೇ ಕೊಬ್ಬು ಕರಗೋದು ಅಂತ ಕೆಲವರು ಹೇಳ್ತಾರೆ. ಅರ್ಧ ಗಂಟೆಯೊಳಗೆ ಪ್ರೋಟೀನ್ ಪೌಡರ್ ಕುಡಿಯದಿದ್ದರೆ ಆಡಿದ್ದೆಲ್ಲ ದಂಡ ಅಂತ ಇನ್ನೊಬ್ಬ ಹೇಳ್ತಾನೆ. ಯಾವಾಗ, ಏನು ತಿನ್ನಬೇಕು?

ಉತ್ತರ: ಮೊದಲು ಸರಿಯಾಗಬೇಕಾದದ್ದು ಬೆಳಗಿನ ಹೊಟ್ಟೆ ಅಲ್ಲ, ಹಿಂದಿನ ರಾತ್ರಿಯ ತಟ್ಟೆ. ಮಾರನೇ ದಿನ ಪ್ರಾಕ್ಟೀಸ್ ಇದೆ ಅಂದರೆ ಆ ರಾತ್ರಿ ಒಟ್ಟಿಯೋ ಅನ್ನವೋ ಇರಲೇಬೇಕು. ಅದರ ಮೇಲೆ ಬೆಳಿಗ್ಗೆ ಒಂದಿಷ್ಟು ಬೆಲ್ಲ ಮತ್ತು ಒಂದು ಬಾಳೆಹಣ್ಣು. ಆಡಿ ಬಂದ ಮೇಲೆ ಎಂಟು ಗಂಟೆಗೆಲ್ಲ ಮೊಟ್ಟೆ, ಹಾಲು ಇರುವ ತಿಂಡಿ. ಬದಲಾಯಿಸಬೇಕಾದದ್ದು ಇಷ್ಟೇ. ಆದರೆ ಯಾಕೆ ಅಂತ ಗೊತ್ತಿಲ್ಲದೆ ಮಾಡಿದರೆ ವಾರದಲ್ಲೇ ಬಿಟ್ಟುಹೋಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾವು ತಿಂದ ಅನ್ನ, ಒಟ್ಟಿ, ಹಣ್ಣು, ಬೆಲ್ಲದ ಕಾರ್ಬೋಹೈಡ್ರೇಟ್ ದೇಹದಲ್ಲಿ ಗ್ಲೈಕೋಜನ್ ಆಗಿ ಎರಡು ಕಡೆ ಶೇಖರವಾಗುತ್ತದೆ. ಒಂದು ಲಿವರ್, ಇನ್ನೊಂದು ಸ್ನಾಯು. ಲಿವರ್‌ನಲ್ಲಿ ಹಿಡಿಯುವುದು ಕಡಿಮೆ, ಸುಮಾರು 80ರಿಂದ 100 ಗ್ರಾಂ. ಸ್ನಾಯುಗಳಲ್ಲೆಲ್ಲ ಸೇರಿ 300ರಿಂದ 500 ಗ್ರಾಂ. ಈ ಎರಡರ ಕೆಲಸ ಬೇರೆ ಬೇರೆ. ಲಿವರ್ ಮನೆಯ ಪತ್ತಾಯ ಇದ್ದ ಹಾಗೆ, ಅಲ್ಲಿಂದ ಯಾರಿಗೆ ಬೇಕಾದರೂ ಅಳೆದು ಕೊಡಬಹುದು. ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಮಿದುಳಿಗೆ ಸಕ್ಕರೆ ಒದಗಿಸುವುದು ಅದರದೇ ಜವಾಬ್ದಾರಿ. ಸ್ನಾಯುವಿನಲ್ಲಿರುವುದು ಆ ಸ್ನಾಯುವಿಗೆ ಮಾತ್ರ. ತೊಡೆಯಲ್ಲಿರುವ ಗ್ಲೈಕೋಜನ್ ರಕ್ತಕ್ಕೆ ಮರಳಿ ಬರುವುದಿಲ್ಲ, ಅದನ್ನು ಬಿಡುಗಡೆ ಮಾಡುವ ಕಿಣ್ವವೇ ಸ್ನಾಯುವಿನಲ್ಲಿ ಇಲ್ಲ.

ನೀವು ರಾತ್ರಿ ಮಲಗಿದಾಗ ಕಾಲು ಸುಮ್ನೆ ಇರುತ್ತದೆ, ಮಿದುಳು ಸುಮ್ನೆ ಇರುವುದಿಲ್ಲ. ಅದಕ್ಕೆ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸ್ ಬೇಕು. ಎಂಟು ಗಂಟೆಗೆ ಊಟ ಮಾಡಿ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿದ್ದರೆ ಮಧ್ಯೆ ಹತ್ತು ಗಂಟೆ ಆಯಿತು. ಅಷ್ಟರಲ್ಲಿ ಲಿವರ್‌ನ ದಾಸ್ತಾನು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುತ್ತದೆ. ಸ್ನಾಯುವಿನದು ಮಾತ್ರ ಮಲಗುವಾಗ ಎಷ್ಟಿತ್ತೋ ಬಹುತೇಕ ಅಷ್ಟೇ ಇರುತ್ತದೆ. ಅಂದರೆ ಬೆಳಿಗ್ಗೆ ತಿನ್ನುವ ಒಂದು ಹಣ್ಣು ಲಿವರ್‌ನ ಕೊರತೆಯನ್ನು ಸ್ವಲ್ಪ ತುಂಬಬಹುದು. ಕಾಲಿನ ಸ್ನಾಯುವಿಗೆ ಆ ಹೊತ್ತಿನಲ್ಲಿ ಏನು ತಿಂದರೂ ತಡವಾಯಿತು. ಅದು ಹಿಂದಿನ ಇಡೀ ದಿನ, ಅದರಲ್ಲೂ ರಾತ್ರಿ, ತುಂಬಿಕೊಂಡು ಬಂದಿರಬೇಕು.

ಹಾಕಿ ನಿಧಾನ ಓಟದ ಹಾಗಲ್ಲ. ಹತ್ತು ಹದಿನೈದು ಮೀಟರ್ ಜೋರಾಗಿ ಓಡಿ, ಬಗ್ಗಿ, ತಿರುಗಿ, ಮತ್ತೆ ಓಡುವ ಆಟ. ಇಂಥ ಹೊಡೆತದ ಓಟಕ್ಕೆ ಕೊಬ್ಬು ಬೇಕಾದಷ್ಟು ಬೇಗ ಒದಗಿಬರುವುದಿಲ್ಲ. ಹಾಗಾಗಿ ಸ್ನಾಯು ಗ್ಲೈಕೋಜನನ್ನೇ ಹೆಚ್ಚು ಸುಡುತ್ತದೆ. ಒಂದೂವರೆ ಗಂಟೆ ಆಡಿದರೆ ತೊಡೆಯ ದಾಸ್ತಾನು ಸಾಕಷ್ಟು ಖಾಲಿಯಾಗುತ್ತದೆ. ಅದು ಪೂರ್ತಿ ಮತ್ತೆ ತುಂಬಲು, ಚೆನ್ನಾಗಿ ಕಾರ್ಬ್ ತಿಂದರೂ, 20ರಿಂದ 24 ಗಂಟೆ ಹಿಡಿಯುತ್ತದೆ. ನೀವು ತುಂಬುವ ಹೊತ್ತಿನಲ್ಲೇ ಒಟ್ಟಿ, ಅನ್ನ ಎರಡನ್ನೂ ಬಿಟ್ಟಿದ್ದೀರಿ. ಮಂಗಳವಾರ ಅರೆಬರೆ ತುಂಬಿದ ಕಾಲಿನಲ್ಲಿ ಆಡಿ, ಬುಧವಾರ ಇನ್ನೂ ಕಡಿಮೆ ಇಟ್ಟುಕೊಂಡು ಆಡಿದರೆ ವಾರದ ಕೊನೆಗೆ ಕಾಲು ಭಾರವಾಗದೆ ಇರುತ್ತದಾ?

ಈಗ ನಿಮ್ಮ ಒಂದು ದಿನದ ಲೆಕ್ಕ ಹಾಕೋಣ. ಮಧ್ಯಾಹ್ನದ ಊಟದ ಬಗ್ಗೆ ನೀವು ಬರೆದಿಲ್ಲ. ಸಾಮಾನ್ಯವಾಗಿ ಎರಡು ಕಪ್ ಅನ್ನ, ಸಾರು, ಪಲ್ಯ ಅಂದುಕೊಳ್ಳುತ್ತೇನೆ. ಅದರಲ್ಲಿ ಕಾರ್ಬ್ ಸುಮಾರು 105 ಗ್ರಾಂ. ಬೆಳಗಿನ ಮೂರು ಇಡ್ಲಿಯಲ್ಲಿ 40. ಸಂಜೆ ಸಕ್ಕರೆ ಹಾಕಿದ ಟೀ, ಎರಡು ಬಿಸ್ಕತ್ತು ಇದ್ದರೆ 20. ರಾತ್ರಿಯ ಪಲ್ಯದಲ್ಲಿ ಒಂದು 15. ಒಟ್ಟು 180 ಗ್ರಾಂ. ನಿಮ್ಮ ತೂಕಕ್ಕೆ ಭಾಗಿಸಿದರೆ ಕೆಜಿಗೆ 2.6 ಗ್ರಾಂ ಆಗುತ್ತದೆ. ಒಂದೂವರೆ ಗಂಟೆ ಹಾಕಿ ಆಡುವ ದಿನ ಇದು ತೀರಾ ಕಡಿಮೆ. ಪ್ರತಿದಿನ ಸುಮಾರು ಒಂದು ಗಂಟೆ ತರಬೇತಿ ಮಾಡುವ ಆಟಗಾರರಿಗೆ ಕೆಜಿಗೆ 5ರಿಂದ 7 ಗ್ರಾಂ ಹೇಳುತ್ತೇವೆ. ನಿಮಗೆ ಹೊಟ್ಟೆಯೂ ಕರಗಬೇಕು, ಆಟವೂ ಆಗಬೇಕು. ಅದಕ್ಕೆ ಹಾಕಿ ದಿನಗಳಲ್ಲಿ ಕೆಜಿಗೆ 4ರ ಆಸುಪಾಸು ಇಡೋಣ. ಅಂದರೆ ಸುಮಾರು 270ರಿಂದ 290 ಗ್ರಾಂ.

ಇದರಲ್ಲಿ ಒಳ್ಳೆಯ ಪಾಲೇ ರಾತ್ರಿಗೆ ಹೋಗಲಿ, 75 ಗ್ರಾಂ. ಅಡುಗೆಮನೆಯಲ್ಲಿ ತೂಕದ ಯಂತ್ರ ಇದ್ದರೆ ಒಂದೇ ಒಂದು ಸಲ ನಿಮ್ಮ ಮನೆಯ ಒಟ್ಟಿಯನ್ನು ತೂಗಿ ನೋಡಿ. ಅಂಗೈಯಗಲದ, 60 ಗ್ರಾಂ ತೂಗುವ ಅಕ್ಕಿ ಒಟ್ಟಿಯಲ್ಲಿ ಕಾರ್ಬ್ 25ರಿಂದ 28 ಗ್ರಾಂ ಇರುತ್ತದೆ. ಅಂಥ ಎರಡು ಒಟ್ಟಿ, ಮೇಲೆ ಅರ್ಧ ಕಪ್ ಅನ್ನ ಹಾಕಿಕೊಂಡರೆ ಲೆಕ್ಕ ಸರಿಹೋಯಿತು. ಕಡಂಬುಟ್ಟು ಮಾಡಿದ ದಿನ ದೊಡ್ಡ ನಿಂಬೆಗಾತ್ರದ್ದು ಐದು. ನೂಪುಟ್ಟು, ಪಾಪುಟ್ಟು ಏನಾದರೂ ನಡೆಯುತ್ತದೆ, ಎಲ್ಲವೂ ಅಕ್ಕಿಯೇ ತಾನೆ. ಇದರ ಜೊತೆ ಪಂದಿ ಕರಿಯೋ ಕೋಳಿಯೋ ಇರಲಿ, ನಾನು ಬೇಡ ಅನ್ನುವುದಿಲ್ಲ. ಕೊಬ್ಬು ಕಡಿಮೆ ಇರುವ ತುಂಡುಗಳನ್ನು ಆರಿಸಿಕೊಂಡು ಸುಮಾರು 100 ಗ್ರಾಂ ತಿಂದರೆ 25 ಗ್ರಾಂ ಪ್ರೋಟೀನ್ ಸಿಕ್ಕಿತು. ಮಾಂಸ ಇಲ್ಲದ ದಿನ ಎರಡು ಮೊಟ್ಟೆ ಮತ್ತು ಒಂದು ಕಪ್ ಹೆಸರುಕಾಳು ಸಾರು. ನಮ್ಮ ಮನೆಗಳಲ್ಲಿ ಆಗುವ ತಪ್ಪು ಏನೆಂದರೆ, ಡಯಟ್ ಅಂದ ಕೂಡಲೇ ತಟ್ಟೆಯಿಂದ ಒಟ್ಟಿ ಹೋಗುತ್ತದೆ, ಕರಿಯ ಮೇಲೆ ತೇಲುವ ಕೊಬ್ಬು ಹಾಗೇ ಉಳಿಯುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಕಾರ್ಬ್‌ನಲ್ಲಿ 4. ಒಟ್ಟಿ ಬಿಟ್ಟ ಹಸಿವಿಗೆ ಇನ್ನೆರಡು ಸೌಟು ಕರಿ ಜಾಸ್ತಿ ಹೋದರೆ ಉಳಿಸಿದ್ದು ಏನೂ ಇಲ್ಲ. ಕಾಲಿಗೆ ಬೇಕಾದದ್ದು ಮಾತ್ರ ತಪ್ಪಿತು.

ರಾತ್ರಿ ಕಾರ್ಬ್ ತಿಂದರೆ ಅದು ನೇರ ಹೊಟ್ಟೆಗೆ ಕೊಬ್ಬಾಗಿ ಸೇರುತ್ತದೆ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಬೆಳಿಗ್ಗೆ ಖಾಲಿ ಮಾಡಿದ ಸ್ನಾಯು ಇನ್ನೂ ತುಂಬಿಕೊಳ್ಳುತ್ತಿರುವಾಗ ಆ ಅನ್ನ ಮೊದಲು ಹೋಗುವುದು ಅಲ್ಲಿಗೇ. ತೂಕ ಏರುವುದು ಇಳಿಯುವುದು ಇಡೀ ದಿನ, ಇಡೀ ವಾರದ ಒಟ್ಟು ಲೆಕ್ಕದಿಂದ. ಗಡಿಯಾರದಿಂದಲ್ಲ.

ಹಾಗಂತ ಎಲ್ಲಾ ರಾತ್ರಿಯೂ ಒಂದೇ ಊಟ ಬೇಕಾಗಿಲ್ಲ. ಮಾರನೇ ದಿನ ಬರೀ ನಿಧಾನ ಓಟ ಅಥವಾ ವಿಶ್ರಾಂತಿ ಇದ್ದರೆ ಒಂದು ಒಟ್ಟಿ ಸಾಕು, ತರಕಾರಿ ಜಾಸ್ತಿ ಇರಲಿ. ಹೊಟ್ಟೆ ಕರಗಿಸುವ ಕೆಲಸವನ್ನು ಆ ರಾತ್ರಿಗಳಲ್ಲಿ ಮಾಡಿ. ನಾಳೆ ಬೆಳಿಗ್ಗೆ ಏನಿದೆ ಅಂತ ನೋಡಿಕೊಂಡು ಇವತ್ತಿನ ತಟ್ಟೆ ತುಂಬಿಸಿ. ನನ್ನ ಹತ್ತಿರ ಬರುವ ಬೆಳಗಿನ ಆಟಗಾರರಿಗೆಲ್ಲ ನಾನು ಮೊದಲು ಹೇಳುವ ನಿಯಮ ಇದೇ. ತೂಕ ಇಳಿಸಬೇಕೆಂದು ಬಂದವರಿಗೂ ಇದನ್ನೇ ಹೇಳುತ್ತೇನೆ.

ಇನ್ನು ಬೆಳಗಿನ ಮಾತು. ನೀವು ಐದಕ್ಕೆ ಎದ್ದು ಆರಕ್ಕೆ ಮೈದಾನ ಸೇರಬೇಕು. ಆ ಹೊತ್ತಿನಲ್ಲಿ ಊಟದಂಥ ಊಟ ಹೊಟ್ಟೆಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಲಿವರ್‌ಗೆ ಒಂದು ಕೈ ಆಸರೆ ಕೊಟ್ಟರೆ ಸಾಕು. ಅದಕ್ಕೆ 30 ಗ್ರಾಂ ಕಾರ್ಬ್ ಬೇಕು. ನಿಮ್ಮ ಕರಿ ಕಾಫಿಗೆ 20 ಗ್ರಾಂ ಬೆಲ್ಲ ಹಾಕಿ, ಅಂದರೆ ಚೆನ್ನಾಗಿ ಸಿಹಿಯಾಗುವಷ್ಟು. ಒಂದು ಸಣ್ಣ ಬಾಳೆಹಣ್ಣು ತಿನ್ನಿ. ಬೆಲ್ಲದಿಂದ 18, ಹಣ್ಣಿನಿಂದ 12, ಅಲ್ಲಿಗೆ 30 ಆಯಿತು. ಕೊಡಗಿನ ಬೆಲ್ಲದ ಕಾಫಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದರಿಂದ ಬೆಲ್ಲವನ್ನೇ ತೆಗೆದುಬಿಟ್ಟಿದ್ದೀರಲ್ಲ, ಅದೇ ನನಗೆ ಬೇಜಾರು. ಬರೀ ಕಾಫಿಯಲ್ಲಿ ಇಂಧನ ಇಲ್ಲ, ಕೆಫೀನ್ ಮಾತ್ರ ಇದೆ. ನಮ್ಮಲ್ಲಿ ಹೆಚ್ಚು ಕುಡಿಯುವ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಅದು ಆಯಾಸ ಗೊತ್ತಾಗದ ಹಾಗೆ ಮಾಡುತ್ತದೆ. ಮೊದಲ ಒಂದು ಗಂಟೆ ನೀವು ಚುರುಕಾಗಿ ಆಡುವುದಕ್ಕೆ, ಆಮೇಲೆ ಒಮ್ಮೆಗೇ ಕುಸಿಯುವುದಕ್ಕೆ ಇದೂ ಒಂದು ಕಾರಣ ಇರಬಹುದು.

ನೇಂದ್ರ ಬಾಳೆಹಣ್ಣು ಬೆಳಗ್ಗೆ ಬೇಡ. ಒಂದೇ ಹಣ್ಣಿನಲ್ಲಿ 40 ಗ್ರಾಂ ಕಾರ್ಬ್ ಇರುತ್ತದೆ, ಓಡುವಾಗ ಹೊಟ್ಟೆಯಲ್ಲಿ ಭಾರ. ತುಪ್ಪ ಹಚ್ಚಿದ ಒಟ್ಟಿಯೂ ಬೇಡ, ಕೊಬ್ಬು ಹೊಟ್ಟೆಯಿಂದ ಮುಂದೆ ಹೋಗಲು ತಡಮಾಡುತ್ತದೆ. ಪ್ರೋಟೀನ್ ಕೂಡ ಈ ಹೊತ್ತಿಗೆ ಅಗತ್ಯ ಇಲ್ಲ.

ಒಂದು ವಿಷಯ ಗಮನಿಸಿ. ಸಿಹಿ ತಿಂದ ಮೇಲೆ ಇನ್ಸುಲಿನ್ ಏರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಓಡಲು ಶುರು ಮಾಡಿದರೆ ಕೆಲವರಿಗೆ ಮೊದಲ ಹತ್ತು ಹದಿನೈದು ನಿಮಿಷ ರಕ್ತದ ಸಕ್ಕರೆ ಇಳಿದು ಕೈ ನಡುಗಿದ ಹಾಗೆ, ಕಾಲಲ್ಲಿ ಬಲ ಇಲ್ಲದ ಹಾಗೆ ಅನ್ನಿಸಬಹುದು. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಹಾಗೆ ಆದರೂ ತಾನಾಗಿ ಸರಿಹೋಗುತ್ತದೆ. ನಿಮಗೆ ಹಾಗೆ ಆಗುವುದಾದರೆ ಮನೆಯಲ್ಲಿ ಏನೂ ತಿನ್ನಬೇಡಿ. ಹಣ್ಣು ಮತ್ತು ಒಂದು ತುಂಡು ಬೆಲ್ಲವನ್ನು ಮೈದಾನಕ್ಕೇ ತೆಗೆದುಕೊಂಡು ಹೋಗಿ. ವಾರ್ಮಪ್ ಶುರು ಮಾಡುವಾಗ ತಿನ್ನಿ. ಮೈ ಓಡುತ್ತಿರುವಾಗ ಇನ್ಸುಲಿನ್ ಅಷ್ಟು ಏರುವುದಿಲ್ಲ.

ಬೆಳಗ್ಗೆ ಏನೂ ಗಂಟಲಲ್ಲಿ ಇಳಿಯುವುದೇ ಇಲ್ಲ ಅನ್ನುವವರಿಗೂ ದಾರಿ ಇದೆ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಒಂದು ಚಿಟಿಕೆ ಉಪ್ಪು, ಬೇಕಿದ್ದರೆ ನಿಂಬೆರಸ. ಸೋಸಿ ಬಾಟಲಿಗೆ ಹಾಕಿಕೊಳ್ಳಿ. ಪ್ರಾಕ್ಟೀಸಿನ ಮಧ್ಯೆ ನಿಂತಾಗೆಲ್ಲ ಎರಡೆರಡು ಗುಟುಕು ಕುಡಿಯಿರಿ. ಇದಕ್ಕಿಂತ ಗಟ್ಟಿ ಮಾಡಬೇಡಿ, ಹೊಟ್ಟೆ ತೊಳಸುತ್ತದೆ. ಬಾಯಲ್ಲಿ ಸಿಹಿ ಮುಕ್ಕಳಿಸಿ ಉಗಿದರೂ ಆಟಗಾರರು ಸ್ವಲ್ಪ ಚೆನ್ನಾಗಿ ಓಡುತ್ತಾರೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ನಾಲಿಗೆಗೆ ಸಕ್ಕರೆ ತಾಗಿದ ಸುದ್ದಿ ಮಿದುಳಿಗೆ ಮುಟ್ಟುವುದರಿಂದಲೇ ಅಷ್ಟು ಲಾಭ. ಹೊಟ್ಟೆ ಖಾಲಿ ಇದ್ದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನಿಮ್ಮ ಒಂದೂವರೆ ಗಂಟೆಗೆ ಉಗಿಯುವುದಕ್ಕಿಂತ ನುಂಗುವುದೇ ಒಳ್ಳೆಯದು.

ನಿಧಾನ ಓಟದ ಎರಡು ದಿನ ಇದ್ಯಾವುದೂ ಬೇಕಿಲ್ಲ. ಪಕ್ಕದವರ ಜೊತೆ ಮಾತಾಡಿಕೊಂಡೇ ಓಡುವಷ್ಟು ನಿಧಾನ, ಮುಕ್ಕಾಲರಿಂದ ಒಂದು ಗಂಟೆ ಅಂದರೆ ಖಾಲಿ ಹೊಟ್ಟೆಯಲ್ಲೇ ಹೋಗಿ. ದೇಹ ಹೆಚ್ಚಾಗಿ ಕೊಬ್ಬನ್ನೇ ಸುಡುತ್ತದೆ, ಅದಕ್ಕೆ ಏನೂ ತೊಂದರೆ ಇಲ್ಲ.

ಹಾಗಾದರೆ ಖಾಲಿ ಹೊಟ್ಟೆಯಲ್ಲಿ ಆಡಿದರೆ ಕೊಬ್ಬು ಕರಗುತ್ತದೆ ಅನ್ನುವ ನಿಮ್ಮ ಗೆಳೆಯರ ಮಾತು ನಿಜ ತಾನೆ ಅಂತ ಕೇಳಬಹುದು. ಓಡುವ ಆ ಒಂದು ಗಂಟೆಯ ಮಟ್ಟಿಗೆ ನಿಜ. ಆದರೆ ಬೆಳಿಗ್ಗೆ ಕೊಬ್ಬು ಜಾಸ್ತಿ ಸುಟ್ಟ ದೇಹ ಉಳಿದ ಹೊತ್ತಿನಲ್ಲಿ ಕಡಿಮೆ ಸುಡುತ್ತದೆ. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು 20 ಯುವತಿಯರನ್ನು ಎರಡು ಗುಂಪು ಮಾಡಿ ನಾಲ್ಕು ವಾರ ನೋಡಿದರು. ಇಬ್ಬರಿಗೂ ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ, ಇಬ್ಬರಿಗೂ ಕಡಿಮೆ ಕ್ಯಾಲೊರಿಯ ಊಟ. ಒಂದು ಗುಂಪು ಖಾಲಿ ಹೊಟ್ಟೆಯಲ್ಲಿ, ಇನ್ನೊಂದು ತಿಂದು. ಎರಡೂ ಗುಂಪಿನಲ್ಲಿ ಕೊಬ್ಬು ಇಳಿಯಿತು, ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಸಣ್ಣ ಪ್ರಯೋಗ ಅನ್ನುವುದು ನಿಜ. ಆದರೆ ಉಪವಾಸದ ವ್ಯಾಯಾಮ ಹೊಟ್ಟೆ ಕರಗಿಸುವ ವಿಶೇಷ ದಾರಿ ಅಂತ ತೋರಿಸುವ ಗಟ್ಟಿ ಆಧಾರ ನನಗೆ ಎಲ್ಲೂ ಕಂಡಿಲ್ಲ.

ಪ್ರೋಟೀನ್ ವಿಷಯಕ್ಕೆ ಬರೋಣ. ಪೌಡರ್ ಕುಡಿಯದಿದ್ದರೆ ದಂಡ ಅನ್ನುವುದು ಸುಳ್ಳು. ವ್ಯಾಯಾಮದ ನಂತರ ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳುವ ಕೆಲಸ ಅರ್ಧ ಗಂಟೆಯಲ್ಲಿ ಬಾಗಿಲು ಹಾಕುವುದಿಲ್ಲ, ಕನಿಷ್ಠ ಒಂದು ದಿನ ಚುರುಕಾಗಿರುತ್ತದೆ. 2013ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ದಿನದ ಒಟ್ಟು ಪ್ರೋಟೀನ್ ಸಮ ಇದ್ದರೆ ಹೊತ್ತಿನಿಂದ ಆಗುವ ಲಾಭ ಬಹುತೇಕ ಮಾಯವಾಯಿತು. ಹಾಗಾಗಿ ಮೊದಲು ಒಟ್ಟು ಲೆಕ್ಕ. ಸಾಮಾನ್ಯ ವಯಸ್ಕರಿಗೆ ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ ಕೆಜಿಗೆ 0.83 ಗ್ರಾಂ. ವಾರಕ್ಕೆ ಆರು ದಿನ ಮೈ ಬಗ್ಗಿಸುವ ನಿಮಗೆ 1.4ರಿಂದ 1.6 ಇರಲಿ, ಅಂದರೆ ದಿನಕ್ಕೆ 95ರಿಂದ 110 ಗ್ರಾಂ. ತೂಕ ಇಳಿಸುವಾಗ ಸ್ನಾಯು ಕರಗದಿರಲೂ ಇದು ಬೇಕು.

ಆದರೆ ನಿಮ್ಮ ಗೆಳೆಯನ ಮಾತಿನಲ್ಲಿ ಒಂದು ತುಣುಕು ಸತ್ಯ ಇದೆ, ಅದು ನಿಮ್ಮಂಥ ಬೆಳಗಿನವರಿಗೆ ಮಾತ್ರ ಅನ್ವಯ. ಸಂಜೆ ಆಡುವವರ ಹೊಟ್ಟೆಯಲ್ಲಿ ಮಧ್ಯಾಹ್ನದ ಪ್ರೋಟೀನ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಅವರು ಮನೆಗೆ ಹೋಗಿ ನಿಧಾನಕ್ಕೆ ಉಂಡರೂ ಸರಿ. ನೀವು ಹಾಗಲ್ಲ. ರಾತ್ರಿ ಎಂಟಕ್ಕೆ ತಿಂದದ್ದು ಬೆಳಿಗ್ಗೆಗೆ ಮುಗಿದಿದೆ. ಆ ಸ್ಥಿತಿಯಲ್ಲಿ ದೇಹ ಸ್ನಾಯುವನ್ನು ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚು. ಅದರ ಮೇಲೆ ಒಂದೂವರೆ ಗಂಟೆ ಆಡುತ್ತೀರಿ. ನಂತರ 9.30ಕ್ಕೆ ಮೂರು ಇಡ್ಲಿ. ಮೂರು ಇಡ್ಲಿ, ಚಟ್ನಿಯಲ್ಲಿ ಪ್ರೋಟೀನ್ 6ರಿಂದ 8 ಗ್ರಾಂ ಅಷ್ಟೇ. ಸ್ನಾಯು ಕಟ್ಟುವ ಕೆಲಸಕ್ಕೆ ಒಮ್ಮೆಗೆ 20 ಗ್ರಾಂ ಆದರೂ ಬೇಕು, ಕೆಜಿಗೆ 0.3 ಗ್ರಾಂ ಲೆಕ್ಕದಲ್ಲಿ. ಹಾಗಾಗಿ ನಿಮ್ಮ ನಿಜವಾದ ಪ್ರೋಟೀನ್ ಉಪವಾಸ ಮುಗಿಯುವುದು ತಿಂಡಿಗಲ್ಲ, ಮಧ್ಯಾಹ್ನದ ಊಟಕ್ಕೆ. ರಾತ್ರಿ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಹದಿನೇಳೂವರೆ ಗಂಟೆ. ಸರಿಪಡಿಸಬೇಕಾದ ಅಂತರ ಇದು. ಅರ್ಧ ಗಂಟೆಯೋ ಒಂದು ಗಂಟೆಯೋ ಅನ್ನುವ ಜಗಳ ಇದರ ಮುಂದೆ ಏನೂ ಅಲ್ಲ.

7.30ಕ್ಕೆ ಮುಗಿಸಿ ಎಂಟು ಗಂಟೆಗೆ ಮನೆಯಲ್ಲಿ ತಿಂಡಿ ಆಗಲಿ. ರಾತ್ರಿ ಉಳಿದ ಅನ್ನವನ್ನು ಅಕ್ಕಿಹಿಟ್ಟಿನ ಜೊತೆ ನಾದಿಟ್ಟರೆ ಬೆಳಿಗ್ಗೆಗೆ ಎರಡು ಒಟ್ಟಿ ತಯಾರು, ಕಾರ್ಬ್ 55 ಗ್ರಾಂ. ಜೊತೆಗೆ ಎರಡು ಮೊಟ್ಟೆ, 12 ಗ್ರಾಂ ಪ್ರೋಟೀನ್. ಒಂದು ದೊಡ್ಡ ಲೋಟ ಹಾಲು, 8 ಗ್ರಾಂ. ಅಲ್ಲಿಗೆ 20 ಆಯಿತು, ಒಟ್ಟಿಯದು ಬೇರೆ ಸ್ವಲ್ಪ ಸೇರುತ್ತದೆ. ಮೊಟ್ಟೆ ಬೇಡದ ದಿನ ಒಂದು ಕಪ್ ಕಡಲೆ ಕರಿ, ಹಾಲು. ಮನೆಗೆ ಹೋಗಲು ಪುರುಸೊತ್ತಿಲ್ಲದಿದ್ದರೆ ಎರಡು ಬೇಯಿಸಿದ ಮೊಟ್ಟೆ, ಒಂದು ಬಾಟಲಿ ಹಾಲು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ. ಒಟ್ಟಿಯ ಬದಲು ಆಫೀಸಿನ ಇಡ್ಲಿಯನ್ನೇ ಆಮೇಲೆ ತಿನ್ನಿ. ಕಾರ್ಬ್‌ಗೆ ನಿಮ್ಮ ವಿಷಯದಲ್ಲಿ ಅಷ್ಟು ಅವಸರ ಇಲ್ಲ. ಮುಂದಿನ ಪ್ರಾಕ್ಟೀಸಿಗೆ ಇನ್ನೂ 22 ಗಂಟೆ ಇದೆ, ಅಷ್ಟರಲ್ಲಿ ತುಂಬಿಕೊಳ್ಳುತ್ತದೆ. ಒಂದೇ ದಿನ ಬೆಳಿಗ್ಗೆ, ಸಂಜೆ ಎರಡು ಹೊತ್ತು ಆಡುವವರು ಮಾತ್ರ ಆಡಿದ ಕೂಡಲೇ ಕಾರ್ಬ್ ತಿನ್ನಲು ಶುರು ಮಾಡಬೇಕು.

ಪೌಡರ್ ಬಗ್ಗೆ ಇಷ್ಟೇ. ವೇ ಪ್ರೋಟೀನ್ ಅಂದರೆ ಹಾಲಿನಿಂದ ತೆಗೆದದ್ದು. ಒಂದು ಸ್ಕೂಪಿನಲ್ಲಿ 20ರಿಂದ 25 ಗ್ರಾಂ ಇರುತ್ತದೆ. ಮೊಟ್ಟೆ, ಹಾಲು ಮಾಡುವುದಕ್ಕಿಂತ ಹೆಚ್ಚೇನೂ ಅದು ಮಾಡುವುದಿಲ್ಲ. ಹೊತ್ತುಕೊಂಡು ಹೋಗಲು ಸುಲಭ ಅಂತ ಬೇಕಿದ್ದರೆ ತೆಗೆದುಕೊಳ್ಳಿ.

ಹೊಸ ದಿನದ ಲೆಕ್ಕ ನೋಡಿ. ಬೆಳಿಗ್ಗೆ ಐದೂಕಾಲಿಗೆ 30, ಎಂಟಕ್ಕೆ 55, ಮಧ್ಯಾಹ್ನ 105, ಸಂಜೆ 20, ರಾತ್ರಿ 75. ಒಟ್ಟು 285 ಗ್ರಾಂ ಕಾರ್ಬ್. ಪ್ರೋಟೀನ್ ಎಂಟಕ್ಕೆ 20 ದಾಟಿತು, ರಾತ್ರಿ 25ರಿಂದ 30. ಉಳಿದದ್ದು ಮಧ್ಯಾಹ್ನ ಮತ್ತು ಸಂಜೆ ಬರಬೇಕು. ಮಧ್ಯಾಹ್ನದ ಅನ್ನದ ಜೊತೆ ಮೀನು, ಕೋಳಿ ಅಥವಾ ಗಟ್ಟಿ ಬೇಳೆ, ಮೊಸರು ಇರಲಿ. ಸಂಜೆ ಬಿಸ್ಕತ್ತಿನ ಬದಲು ಹುರಿಗಡಲೆ ಅಥವಾ ಕಡಲೆ ಉಸಲಿ. ಇಷ್ಟು ಮಾಡಿದರೆ 95ರ ಹತ್ತಿರ ಹೋಗುತ್ತೀರಿ.

ಈಗ ತಲೆಸುತ್ತು. ಇದನ್ನು ಕಾಲಿನ ಭಾರದ ಜೊತೆ ಸೇರಿಸಿ ನೋಡಬೇಡಿ, ಎರಡಕ್ಕೂ ಕಾರಣ ಬೇರೆ ಇರಬಹುದು. ಕಾಲಿನ ಗ್ಲೈಕೋಜನ್ ಮುಗಿದಾಗ ತಲೆ ಸರಿಯಾಗಿಯೇ ಇರುತ್ತದೆ. ಬಾಲ್ ಎಲ್ಲಿ ಬರುತ್ತದೆ ಅಂತ ಗೊತ್ತಾಗುತ್ತದೆ, ಕಾಲು ಮಾತ್ರ ಹೋಗುವುದಿಲ್ಲ. ಬೆಲ್ಲ ತಿಂದರೂ ಆ ಹೊತ್ತಿಗೆ ಸರಿಹೋಗುವುದಿಲ್ಲ. ರಕ್ತದ ಸಕ್ಕರೆ ಇಳಿದಾಗ ತಣ್ಣನೆ ಬೆವರು, ಕೈ ನಡುಕ, ಜೋರು ಹಸಿವು, ಸುಮ್ನೆ ಸಿಟ್ಟು, ಕಣ್ಣು ಮಂಜು. ಸಿಹಿ ಕುಡಿದ ಹತ್ತು ಹದಿನೈದು ನಿಮಿಷದಲ್ಲಿ ಆರಾಮ ಅನ್ನಿಸುತ್ತದೆ. ಅನ್ನಿಸಿದರೆ ಲಿವರ್‌ನ ಕೊರತೆಯೇ ಕಾರಣ ಅಂತ ತಿಳಿಯಬಹುದು.

ಓಟ ನಿಲ್ಲಿಸಿ ನಿಂತ ಕೂಡಲೇ ಕತ್ತಲೆ ಬಂದ ಹಾಗಾದರೆ ಅದು ಸಕ್ಕರೆಯದ್ದಲ್ಲದೇ ಇರಬಹುದು. ಓಡುವಾಗ ಕಾಲಿಗೆ ಹೋದ ರಕ್ತ, ಒಮ್ಮೆಗೇ ನಿಂತರೆ ಅಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ. ಅದಕ್ಕೆ ಮದ್ದು ನಿಲ್ಲದೆ ಐದು ನಿಮಿಷ ನಡೆಯುವುದು. ಮೂರನೆಯದು ನೀರು. ನಮ್ಮ ಬೆಳಗಿನ ಚಳಿ, ಮಂಜಿನಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಆದರೆ ಬೆವರು ಹೋಗುತ್ತಲೇ ಇರುತ್ತದೆ. ಒಂದು ದಿನ ಪ್ರಾಕ್ಟೀಸಿಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ ಬೆವರೊರೆಸಿ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಅದು ಕೊಬ್ಬಲ್ಲ, ಹೆಚ್ಚು ಕಡಿಮೆ ಒಂದು ಲೀಟರ್ ನೀರು. ಮೂತ್ರ ಗಾಢ ಹಳದಿ ಇದ್ದರೆ ಎದ್ದ ಕೂಡಲೇ ಕಾಫಿಗೆ ಮುಂಚೆ ಎರಡು ಲೋಟ ನೀರು ಕುಡಿಯಿರಿ.

ಏಪ್ರಿಲ್, ಮೇ ಅಂದರೆ ಮದುವೆ ಕಾಲವೂ ಹೌದು, ಹಾಗಾಗಿ ಇದನ್ನೂ ಹೇಳಬೇಕು. ರಾತ್ರಿ ಮದ್ಯ ತೆಗೆದುಕೊಂಡರೆ ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ಅದು ತಡೆಯುತ್ತದೆ. ಜೊತೆಗೆ ಊಟವೂ ಸರಿಯಾಗಿ ಆಗಿರುವುದಿಲ್ಲ. ಅಂಥ ರಾತ್ರಿಯ ಮಾರನೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಪ್ರಿಂಟ್ ಹೊಡೆಯಬೇಡಿ. ಆ ದಿನ ನಡಿಗೆ ಸಾಕು.

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲ ವಾರ ರಾತ್ರಿಯ ಒಟ್ಟಿ ಮತ್ತು ಎಂಟು ಗಂಟೆಯ ತಿಂಡಿ ಮಾತ್ರ. ಪ್ರಾಕ್ಟೀಸಿನ ಕೊನೆಯಲ್ಲಿ ಒಂದೇ ದೂರದ ಓಟವನ್ನು, ಉದಾಹರಣೆಗೆ 25 ಗಜದ ಗೆರೆಯವರೆಗೆ ಹೋಗಿ ಬರುವುದನ್ನು, ಗೆಳೆಯರೊಬ್ಬರು ಮೊಬೈಲಿನಲ್ಲಿ ಟೈಮ್ ಮಾಡಲಿ. ಎರಡನೇ ವಾರ ಬೆಲ್ಲದ ಕಾಫಿ, ಬಾಳೆಹಣ್ಣು ಸೇರಿಸಿ ಮತ್ತೆ ಟೈಮ್ ನೋಡಿ. ಮೊದಲ ಮೂರು ನಾಲ್ಕು ದಿನದಲ್ಲಿ ತೂಕ ಒಂದು ಕೆಜಿ ಏರಿದರೆ ಗಾಬರಿ ಬೇಡ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ, ಆ ತೂಕ ಅದೇ. ಹೊಟ್ಟೆ ಇಳಿಯುತ್ತಿದೆಯೋ ಇಲ್ಲವೋ ಅಂತ ನೋಡಲು ಸೊಂಟಕ್ಕೆ ಟೇಪ್ ಹಿಡಿಯಿರಿ, ಹದಿನೈದು ದಿನಕ್ಕೊಮ್ಮೆ.

ಈ ಸಲಹೆ ಸಕ್ಕರೆ ಕಾಯಿಲೆ ಇಲ್ಲದವರಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಆಡುವ ಮುಂಚೆ ತಮ್ಮ ಡಾಕ್ಟರ ಹತ್ತಿರ ಮಾತಾಡಲೇಬೇಕು. ಔಷಧದ ಹೊತ್ತು, ಅಳತೆ ಬದಲಾಗಬೇಕಾಗಬಹುದು. ನಿಮಗೆ ಎರಡು ವಾರ ಹೀಗೆ ತಿಂದ ಮೇಲೂ ತಲೆ ಸುತ್ತಿದರೆ ಹಿಮೋಗ್ಲೋಬಿನ್, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿ. ಓಡುತ್ತಿರುವಾಗಲೇ ಎಚ್ಚರ ತಪ್ಪಿದರೆ, ಎದೆ ಹಿಡಿದ ಹಾಗಾದರೆ, ಎದೆಬಡಿತ ತಾಳ ತಪ್ಪಿದ ಹಾಗೆ ಅನ್ನಿಸಿದರೆ ಊಟದ ಲೆಕ್ಕ ಹಾಕುತ್ತಾ ಕೂರಬೇಡಿ. ಅಂದೇ ಆಟ ನಿಲ್ಲಿಸಿ, ಹೃದಯದ ಡಾಕ್ಟರನ್ನು ನೋಡಿ.